ಮಹಡಿಯ ಷವರ್ ಕೇಳುವ ಲೆಕ್ಕ: ಟ್ಯಾಂಕಿನ ಎತ್ತರ, ಪೈಪಿನ ಗಾತ್ರ

ಎರಡು ಅಂತಸ್ತಿನ ಮನೆಯಲ್ಲಿ ನೀರು ಸಾಲದೆಂಬ ದೂರು ಬಹುತೇಕ ಒಂದೇ ಜಾಗದಿಂದ ಬರುತ್ತದೆ. ಅದು ಮೊದಲ ಮಹಡಿಯ ಬಚ್ಚಲಿನ ಷವರ್. ಕೆಳಗಿನ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬಕೆಟ್ಟು ಬೇಗ ತುಂಬುತ್ತದೆ, ಮೇಲೆ ಷವರ್‌ನಿಂದ ನೀರು ಎಳೆಎಳೆಯಾಗಿ ಇಳಿಯುತ್ತದೆ. ಟ್ಯಾಂಕು ಮಾತ್ರ ಆ ಷವರ್‌ನ ನೆತ್ತಿಯ ಮೇಲೆಯೇ ಕೂತಿರುತ್ತದೆ. ಹತ್ತಿರವಿದ್ದರೆ ನೀರು ಜೋರಾಗಿ ಬರಬೇಕಲ್ಲವೇ ಎಂದು ಮನೆಯವರು ಕೇಳುತ್ತಾರೆ. ತೊಂದರೆ ಇರುವುದು ಆ ಹತ್ತಿರದಲ್ಲೇ.

ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಒತ್ತಡ ಕೊಡುವುದು ಎತ್ತರ ಮಾತ್ರ. ಟ್ಯಾಂಕಿನ ನೀರಿನ ಮಟ್ಟಕ್ಕೂ ನಲ್ಲಿಯ ಬಾಯಿಗೂ ನಡುವೆ 10 ಮೀಟರ್ ಅಂತರವಿದ್ದರೆ ಒಂದು ಬಾರ್ ಒತ್ತಡ, ಅಂದರೆ ಪ್ಲಂಬರ್‌ಗಳ ಮಾತಿನಲ್ಲಿ ಒಂದು ಕೆಜಿ. ಒಂದು ಮೀಟರ್ ಇದ್ದರೆ ಅದರ ಹತ್ತರಲ್ಲೊಂದು. ಟ್ಯಾಂಕು ಒಂದು ಸಾವಿರ ಲೀಟರಿನದೋ ಐದು ಸಾವಿರದ್ದೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಸಿಕ್ಕ ಒತ್ತಡದಲ್ಲಿ ಒಂದು ಪಾಲನ್ನು ಪೈಪಿನ ಉದ್ದ, ಬೆಂಡುಗಳು, ವಾಲ್ವುಗಳು ತಿನ್ನುತ್ತವೆ. ಅವು ಎಷ್ಟು ತಿನ್ನಬೇಕೆಂಬುದನ್ನು ಪೈಪಿನ ಒಳಗಾತ್ರ ತೀರ್ಮಾನಿಸುತ್ತದೆ. ಹಾಗಾಗಿ ಟ್ಯಾಂಕನ್ನು ಎಲ್ಲಿಡಬೇಕು, ಪೈಪು ಎಷ್ಟು ಇಂಚಿನದಿರಬೇಕು ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಬಿಡಿಸಲಾಗದು. ಮೊದಲ ಮಹಡಿಯ ಷವರ್‌ಗೆ ಉತ್ತರ ಸಿಕ್ಕರೆ ಮನೆಯ ಉಳಿದ ನಲ್ಲಿಗಳಿಗೂ ಸಿಕ್ಕಂತೆ.

ಎತ್ತರದ ಆಯವ್ಯಯ

ಬೆಂಗಳೂರು, ಮೈಸೂರುಗಳಲ್ಲಿ ಎಲ್ಲೆಲ್ಲೂ ಕಾಣುವ 30×40 ಸೈಟಿನ ಮನೆಯೊಂದನ್ನು ಉದಾಹರಣೆಗೆ ಹಿಡಿಯೋಣ. ನೆಲ ಅಂತಸ್ತು, ಅದರ ಮೇಲೊಂದು ಮಹಡಿ, ತಾರಸಿಗೆ ಹೋಗುವ ಮೆಟ್ಟಿಲಿನ ಮೇಲೆ ಹೆಡ್‌ರೂಮ್. ಒಂದು ಅಂತಸ್ತಿನ ನೆಲದಿಂದ ಮುಂದಿನದರ ನೆಲಕ್ಕೆ 3 ಮೀಟರ್. ಮಹಡಿಯಲ್ಲಿ ಎರಡು ಬಚ್ಚಲು, ಷವರ್ ನೆಲದಿಂದ 2.1 ಮೀಟರ್ ಮೇಲೆ.

ಮೊದಲು ಟ್ಯಾಂಕನ್ನು ತಾರಸಿಯ ಮೇಲೇ ಒಂದಡಿಯ ಇಟ್ಟಿಗೆ ಕಟ್ಟೆ ಕಟ್ಟಿ ಕೂರಿಸಿದೆವು ಎನ್ನಿ. ಕಟ್ಟೆ 0.3 ಮೀಟರ್, ಟ್ಯಾಂಕಿನ ತಳದಿಂದ ನೀರು ಹೊರಡುವ ಬಾಯಿಗೆ ಇನ್ನೊಂದು 0.1 ಮೀಟರ್. ಮಹಡಿಯ ನೆಲದಿಂದ ಎಣಿಸಿದರೆ ಆ ಬಾಯಿ 3.4 ಮೀಟರ್ ಎತ್ತರದಲ್ಲಿದೆ. ಷವರ್‌ನ 2.1 ಮೀಟರ್ ಕಳೆದರೆ ಉಳಿಯುವುದು 1.3 ಮೀಟರ್. ಟ್ಯಾಂಕು ತುಂಬಿದಾಗ ಇದಕ್ಕೆ ಇನ್ನೊಂದು ಮೀಟರಿನಷ್ಟು ಸೇರುತ್ತದೆ, ಆದರೆ ಲೆಕ್ಕ ಹಾಕಬೇಕಾದ್ದು ಖಾಲಿಯಾಗುತ್ತಿರುವ ಟ್ಯಾಂಕಿಗೆ. ಬೆಳಿಗ್ಗೆ ಎಲ್ಲರ ಸ್ನಾನ ಮುಗಿಯುವ ಹೊತ್ತಿಗೆ ಅದೇ ಸ್ಥಿತಿ ಇರುತ್ತದೆ. ಅಂದರೆ ಈ ಷವರ್‌ನ ಬಂಡವಾಳವೆಲ್ಲ 1.3 ಮೀಟರ್, 0.13 ಬಾರ್. ಕೆಳಗಿನ ಮನೆಯ ಷವರ್‌ಗೆ ಇದೇ ಟ್ಯಾಂಕಿನಿಂದ 4.3 ಮೀಟರ್ ಸಿಗುತ್ತದೆ. ದೂರೆಲ್ಲ ಮೇಲಿನಿಂದಲೇ ಬರುವುದಕ್ಕೆ ಈ ಮೂರು ಮೀಟರಿನ ಅಂತರ ಕಾರಣ.

ಅದೇ ಟ್ಯಾಂಕನ್ನು, ಅದೇ ಕಟ್ಟೆಯ ಸಮೇತ, ತಾರಸಿಯಿಂದ 2.4 ಮೀಟರ್ ಎತ್ತರದ ಹೆಡ್‌ರೂಮ್ ಮೇಲಕ್ಕೆ ಏರಿಸಿದರೆ ಮಹಡಿಯ ಷವರ್‌ಗೆ 3.7 ಮೀಟರ್ ಸಿಗುತ್ತದೆ. ಎಂಟಡಿ ಏರಿಸಿದ್ದಕ್ಕೆ ಒತ್ತಡ ಮೂರು ಪಟ್ಟಿನ ಹತ್ತಿರಕ್ಕೆ ಬಂತು. ಕೆಳಗಿನ ಮನೆಯ ಷವರ್‌ಗೆ 4.3 ಇದ್ದದ್ದು 6.7 ಆಯಿತು, ಅಲ್ಲಿ ಇದರಿಂದ ಅಂಥ ವ್ಯತ್ಯಾಸವೇನೂ ಕಾಣಿಸದು. ಟ್ಯಾಂಕಿನ ಎತ್ತರಕ್ಕೆ ಖರ್ಚು ಮಾಡುವ ದುಡ್ಡು ಫಲ ಕೊಡುವುದು ಮೇಲಿನ ಮಹಡಿಯಲ್ಲಿ.

ಅರ್ಧ ಇಂಚು ಎಂದರೆ ಎಷ್ಟು

ಈಗಿನ ಮನೆಗಳ ಗೋಡೆಯೊಳಗೆ ಹೋಗುವುದು ಹೆಚ್ಚಾಗಿ ಸಿಪಿವಿಸಿ ಪೈಪು. ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಎಸ್‌ಡಿಆರ್ 11 ದರ್ಜೆಯಲ್ಲಿ ಅರ್ಧ ಇಂಚಿನ ಪೈಪಿನ ಒಳಗಾತ್ರ ಸುಮಾರು 12.4 ಮಿಲಿಮೀಟರ್. ಮುಕ್ಕಾಲು ಇಂಚಿಗೆ 18, ಒಂದು ಇಂಚಿಗೆ 23.4, ಒಂದೂಕಾಲು ಇಂಚಿಗೆ 28.5. ಹಳೆಯ ಜಿಐ ಪೈಪಿನಲ್ಲಿ ಅರ್ಧ ಇಂಚೆಂದರೆ ಒಳಗೆ ಸುಮಾರು 16 ಮಿಲಿಮೀಟರ್ ಇರುತ್ತಿತ್ತು. ಹಿಂದಿನ ಮನೆಗೆ ಅರ್ಧ ಇಂಚು ಸಾಕಾಗಿತ್ತು, ಇದಕ್ಕೂ ಸಾಕು ಎನ್ನುವವರು ನಿಜದಲ್ಲಿ ಅದಕ್ಕಿಂತ ಕಿರಿದಾದ ಪೈಪನ್ನು ಹಾಕುತ್ತಿರುತ್ತಾರೆ.

ಒಳಗಾತ್ರದ ಮೂರ್ನಾಲ್ಕು ಮಿಲಿಮೀಟರ್ ಏನು ಮಹಾ ಎನಿಸಬಹುದು. ನೀರು ಸರಬರಾಜಿನ ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತಿರುವ ಹೇಜನ್–ವಿಲಿಯಮ್ಸ್ ಸೂತ್ರದ ಪ್ರಕಾರ, ಹರಿವು ಅಷ್ಟೇ ಇದ್ದು ಪೈಪಿನ ಒಳವ್ಯಾಸ ಅರ್ಧಕ್ಕಿಳಿದರೆ ಘರ್ಷಣೆಯಲ್ಲಿ ಕಳೆಯುವ ಒತ್ತಡ ಸುಮಾರು ಮೂವತ್ತು ಪಟ್ಟಾಗುತ್ತದೆ. ಪೈಪು ಅದೇ ಇದ್ದು ಹರಿವು ಇಮ್ಮಡಿಯಾದರೆ ನಷ್ಟ ಮೂರೂವರೆ ಪಟ್ಟು ದಾಟುತ್ತದೆ. ಸಿಪಿವಿಸಿಯ ನುಣುಪಾದ ಒಳಮೈಗೆ ಹೊಂದುವ ಗುಣಾಂಕ ಹಾಕಿ, ಒಂದು ಮೀಟರ್ ಉದ್ದದಲ್ಲಿ ಕಳೆಯುವ ಒತ್ತಡವನ್ನು ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ ಬರೆದರೆ ಹೀಗಾಗುತ್ತದೆ:

| ಪೈಪು | ನಿಮಿಷಕ್ಕೆ 10 ಲೀಟರ್ ಹರಿದಾಗ | ನಿಮಿಷಕ್ಕೆ 30 ಲೀಟರ್ ಹರಿದಾಗ |
|---|---|---|
| ಅರ್ಧ ಇಂಚು | 19 | ಬಳಸುವಂತಿಲ್ಲ |
| ಮುಕ್ಕಾಲು ಇಂಚು | 3 | 24 |
| ಒಂದು ಇಂಚು | 0.9 | 6.7 |
| ಒಂದೂಕಾಲು ಇಂಚು | 0.3 | 2.6 |

ಒಂದೇ ಷವರ್ ಓಡುತ್ತಿದ್ದರೂ ಅರ್ಧ ಇಂಚಿನ ಪೈಪು ಪ್ರತಿ ಮೀಟರಿಗೆ ಸುಮಾರು 19 ಸೆಂಟಿಮೀಟರ್ ತಿನ್ನುತ್ತದೆ. ನಮ್ಮ ಬಂಡವಾಳವಿರುವುದು 130 ಸೆಂಟಿಮೀಟರ್. ಏಳು ಮೀಟರ್ ದಾಟುವುದರೊಳಗೆ ಅದು ಬರಿದು. ಅರ್ಧ ಇಂಚಿನ ಪೈಪು ಕೆಟ್ಟದ್ದೆಂದು ಇದರ ಅರ್ಥವಲ್ಲ. ನಲ್ಲಿಯ ಹತ್ತಿರದ ಕೊನೆಯ ಒಂದೆರಡು ಮೀಟರಿಗೆ ಅದು ಸರಿಯಾದ ಪೈಪು, ಅದಕ್ಕಿಂತ ದೂರ ಎಳೆಯಬಾರದು, ಅಷ್ಟೆ.

ಒಟ್ಟಿಗೆ ಎಷ್ಟು ನಲ್ಲಿ ತೆರೆದಿರುತ್ತವೆ

ತಾರಸಿಯಿಂದ ಇಳಿಯುವ ಮುಖ್ಯ ಪೈಪಿನಲ್ಲಿ ಎಷ್ಟು ನೀರು ಹರಿಯುತ್ತದೆ ಎಂಬುದು ಗೊತ್ತಾಗದೆ ಅದರ ಗಾತ್ರ ನಿಶ್ಚಯಿಸಲಾಗದು. ಮನೆಯ ಎಲ್ಲ ನಲ್ಲಿಗಳ ಹರಿವನ್ನು ಕೂಡಿದರೆ ಪೈಪು ಅನಗತ್ಯವಾಗಿ ದಪ್ಪವಾಗುತ್ತದೆ, ಒಂದೇ ನಲ್ಲಿಯ ಲೆಕ್ಕ ಹಿಡಿದರೆ ಬೆಳಗಿನ ಹೊತ್ತಿನಲ್ಲಿ ಸೋಲುತ್ತದೆ. ಇದಕ್ಕೆ 1940ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ರಾಯ್ ಹಂಟರ್ ಒಂದು ದಾರಿ ತೋರಿಸಿದರು. ಪ್ರತಿ ಸಲಕರಣೆಗೂ ಅದರ ಬಳಕೆಗೆ ತಕ್ಕ ಅಂಕ ಕೊಟ್ಟು, ಅಂಕಗಳ ಮೊತ್ತದಿಂದ ಒಟ್ಟಿಗೆ ಬರಬಹುದಾದ ಹರಿವನ್ನು ಸಂಭವನೀಯತೆಯ ಲೆಕ್ಕದಲ್ಲಿ ಊಹಿಸುವ ವಿಧಾನ ಅದು. ಇಂದಿಗೂ ಹಲವು ದೇಶಗಳ ಪ್ಲಂಬಿಂಗ್ ಸಂಹಿತೆಗಳ ಬೆನ್ನೆಲುಬು ಅದೇ.

ಮಹಡಿಯ ಎರಡು ಬಚ್ಚಲಿಗೆ ಅದನ್ನು ಅನ್ವಯಿಸೋಣ. ಎರಡು ಷವರ್‌ಗೆ ತಲಾ 2, ಎರಡು ವಾಷ್‌ಬೇಸಿನ್‌ಗೆ ತಲಾ 1, ಎರಡು ಫ್ಲಷ್ ಟ್ಯಾಂಕಿಗೆ ತಲಾ 2.5 ಅಂಕ. ಮೊತ್ತ 11. ಹಂಟರ್ ರೇಖೆಯಲ್ಲಿ ಇದಕ್ಕೆ ನಿಮಿಷಕ್ಕೆ ಹೆಚ್ಚುಕಡಿಮೆ 30 ಲೀಟರ್ ಸಿಗುತ್ತದೆ. ಅನುಭವಕ್ಕೂ ಇದು ಹೊಂದುತ್ತದೆ: ಒಂದು ಕಡೆ ಷವರ್, ಇನ್ನೊಂದು ಕಡೆ ಬಕೆಟ್ ತುಂಬುವ ನಲ್ಲಿ, ಜೊತೆಗೆ ತುಂಬಿಕೊಳ್ಳುತ್ತಿರುವ ಒಂದು ಫ್ಲಷ್ ಟ್ಯಾಂಕು. ಬೆಳಿಗ್ಗೆ ಏಳಕ್ಕೆ ಇದಕ್ಕಿಂತ ಹೆಚ್ಚು ಒಟ್ಟಿಗೆ ತೆರೆಯುವುದು ಅಪರೂಪ.

ಇನ್ನು ಪೂರ್ತಿ ಲೆಕ್ಕ. ಟ್ಯಾಂಕಿನಿಂದ ದೂರದ ಬಚ್ಚಲಿನ ಷವರ್‌ವರೆಗೆ ಪೈಪಿನ ಉದ್ದ 12 ಮೀಟರ್ ಎನ್ನಿ. ಪ್ರತಿ ಬೆಂಡು, ಟೀ, ವಾಲ್ವ್ ಕೂಡ ನೀರನ್ನು ತಡೆಯುತ್ತವೆ. ಒಂದೊಂದನ್ನೂ ಬಿಡಿಸಿ ಕೂಡುವ ಬದಲು ಉದ್ದಕ್ಕೆ ಅರ್ಧದಷ್ಟು ಸೇರಿಸಿ 18 ಮೀಟರ್ ಎಂದು ಹಿಡಿದರೆ ಮನೆಯ ಮಟ್ಟಿಗೆ ಸಾಕು. ಇದರಲ್ಲಿ 12 ಮೀಟರ್ ಮುಖ್ಯ ಪೈಪು, 4 ಮೀಟರ್ ಬಚ್ಚಲಿನ ಮುಕ್ಕಾಲು ಇಂಚಿನ ಪೈಪು, 2 ಮೀಟರ್ ಕೊನೆಯ ಅರ್ಧ ಇಂಚು. ಷವರ್‌ಗೆ ಬೇಕಾದ್ದು ನಿಮಿಷಕ್ಕೆ 8 ಲೀಟರ್. ಆ ಹರಿವಿಗೆ ಕೊನೆಯ ಎರಡು ತುಂಡುಗಳಲ್ಲಿ ಕಳೆಯುವುದು ಒಟ್ಟು 34 ಸೆಂಟಿಮೀಟರ್, ಅದರಲ್ಲಿ 26 ಆ ಎರಡು ಮೀಟರ್ ಅರ್ಧ ಇಂಚಿನದೇ.

ಮುಖ್ಯ ಪೈಪು ಒಂದು ಇಂಚಿನದಾಗಿ, ಅದರಲ್ಲಿ ಮಹಡಿಯ ಪೂರ್ತಿ 30 ಲೀಟರ್ ಹರಿಯುತ್ತಿದ್ದರೆ ಅಲ್ಲಿ 80 ಸೆಂಟಿಮೀಟರ್ ಹೋಗುತ್ತದೆ. ಒಟ್ಟು ನಷ್ಟ 1.14 ಮೀಟರ್. ತಾರಸಿಯ ಮೇಲೆ ಕೂತ ಟ್ಯಾಂಕಿನ 1.3 ಮೀಟರಿನಲ್ಲಿ ಉಳಿದದ್ದು 16 ಸೆಂಟಿಮೀಟರ್. ಇಷ್ಟರಲ್ಲಿ ಡೈವರ್ಟರ್ ದಾಟಿ ಷವರ್‌ನ ತೂತುಗಳಿಂದ ಚಿಮ್ಮಬೇಕು, ಅದು ಆಗದ ಮಾತು. ಮುಖ್ಯ ಪೈಪನ್ನು ಒಂದೂಕಾಲು ಇಂಚಿಗೆ ಏರಿಸಿದರೆ ಅಲ್ಲಿನ ನಷ್ಟ 31 ಸೆಂಟಿಮೀಟರಿಗೆ ಇಳಿದು, ಷವರ್‌ಗೆ 65 ಸೆಂಟಿಮೀಟರ್ ಉಳಿಯುತ್ತದೆ. ಟ್ಯಾಂಕನ್ನು ಹೆಡ್‌ರೂಮ್ ಮೇಲಿಟ್ಟರೆ, ಇಳಿಪೈಪು ಎರಡೂವರೆ ಮೀಟರ್ ಉದ್ದವಾದರೂ, ಒಂದೇ ಇಂಚಿನ ಪೈಪಿನಲ್ಲೂ ಎರಡೂಕಾಲು ಮೀಟರ್ ಉಳಿಯುತ್ತದೆ.

ಈ ಮೂರು ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಪೈಪು ದಪ್ಪ ಮಾಡಿದರೆ ನಷ್ಟ ತಗ್ಗುತ್ತದೆ, ಆದರೆ ಇಲ್ಲದ ಎತ್ತರವನ್ನು ಪೈಪು ತಂದುಕೊಡದು. ಎಷ್ಟೇ ದಪ್ಪ ಹಾಕಿದರೂ ತಾರಸಿಯ ಟ್ಯಾಂಕು 1.3 ಮೀಟರ್ ದಾಟಿಸುವುದಿಲ್ಲ. ಟ್ಯಾಂಕು ತಗ್ಗಿನಲ್ಲೇ ಇರಬೇಕೆಂದಾದರೆ ಪೈಪಿನಲ್ಲಿ ಜಿಪುಣತನ ಮಾಡುವಂತಿಲ್ಲ, ಎತ್ತರದಲ್ಲಿದ್ದರೆ ಪೈಪಿನಲ್ಲಿ ಸ್ವಲ್ಪ ಸಡಿಲ ಸಿಗುತ್ತದೆ.

ದಿಕ್ಕು, ದೂರ, ಭಾರ

ನಮ್ಮಲ್ಲಿ ಟ್ಯಾಂಕಿನ ಜಾಗವನ್ನು ಎಂಜಿನಿಯರ್‌ಗಿಂತ ಮೊದಲು ವಾಸ್ತು ನಿಶ್ಚಯಿಸುತ್ತದೆ. ಸಂಪು ಈಶಾನ್ಯಕ್ಕೆ, ಓವರ್‌ಹೆಡ್ ಟ್ಯಾಂಕು ನೈಋತ್ಯಕ್ಕೆ ಎಂಬುದು ಬಹುತೇಕ ಮನೆಗಳ ನಿಯಮ. ಬಚ್ಚಲುಗಳು ವಾಯುವ್ಯದಲ್ಲೋ ಆಗ್ನೇಯದಲ್ಲೋ ಇದ್ದರೆ ತಾರಸಿಯ ಮೇಲೆ ಎಂಟು–ಹತ್ತು ಮೀಟರ್ ಪೈಪು ಅಡ್ಡಲಾಗಿ ಓಡಬೇಕಾಗುತ್ತದೆ. ಇದಕ್ಕಾಗಿ ಮನೆಯವರೊಡನೆ ಜಗಳವಾಡುವ ಅಗತ್ಯವಿಲ್ಲ. ಹತ್ತು ಮೀಟರ್ ಒಂದೂಕಾಲು ಇಂಚಿನ ಪೈಪು 30 ಲೀಟರ್ ಹರಿವಿಗೆ ಕಳೆಯುವುದು 26 ಸೆಂಟಿಮೀಟರ್ ಮಾತ್ರ. ದಿಕ್ಕಿಗಾಗಿ ತೆರುವ ಬೆಲೆ ಒಂದಡಿಗಿಂತ ಕಡಿಮೆ. ಟ್ಯಾಂಕನ್ನು ಹೆಡ್‌ರೂಮ್ ಮೇಲಿನಿಂದ ತಾರಸಿಗೆ ಇಳಿಸಿದರೆ ತೆರುವ ಬೆಲೆ ಎಂಟಡಿ. ದಿಕ್ಕನ್ನು ಒಪ್ಪಿಕೊಂಡು ಎತ್ತರವನ್ನು ಕಾಪಾಡಿಕೊಳ್ಳುವುದು ಜಾಣತನ. ಮೆಟ್ಟಿಲೇ ನೈಋತ್ಯದಲ್ಲಿ ಬರುವಂತೆ ನಕ್ಷೆ ಮಾಡಿದರೆ ಎರಡೂ ಕೂಡಿಬರುತ್ತವೆ.

ಭಾರದ ವಿಷಯದಲ್ಲಿ ಇಂಥ ಸಡಿಲವಿಲ್ಲ. ಸಾವಿರ ಲೀಟರ್ ನೀರು ಒಂದು ಟನ್. ಸಾಮಾನ್ಯ ದುಂಡು ಪ್ಲಾಸ್ಟಿಕ್ ಟ್ಯಾಂಕಿನ ತಳ ಒಂದು ಚದರ ಮೀಟರಿನ ಆಸುಪಾಸು. ಆದ್ದರಿಂದ ಅದರಡಿಯ ಪ್ರತಿ ಚದರ ಮೀಟರಿಗೆ ಸಾವಿರ ಕೆಜಿಯಷ್ಟು ಭಾರ ಬೀಳುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದ ಪ್ರಕಾರ ವಿನ್ಯಾಸದಲ್ಲಿ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. ಟ್ಯಾಂಕು ಅದರ ಆರೇಳು ಪಟ್ಟು. ಹಾಗಾಗಿ ಅದು ಬರಿಯ ಸ್ಲ್ಯಾಬಿನ ನಟ್ಟನಡುವೆ ಕೂರಬಾರದು. ಕೆಳಗೆ ಬೀಮು ಅಥವಾ ಭಾರ ಹೊರುವ ಗೋಡೆ ಇರುವ ಜಾಗದ ಮೇಲೆ, ಸಾಧ್ಯವಾದರೆ ಕಾಲಂಗಳು ಕೂಡುವ ಮೂಲೆಯ ಮೇಲೆ ಬರಬೇಕು. ಹೆಡ್‌ರೂಮಿನ ಸ್ಲ್ಯಾಬು ಚಿಕ್ಕದು, ನಾಲ್ಕೂ ಬದಿಗೆ ಆಧಾರವಿರುತ್ತದೆ. ಆದರೂ ಅದರ ಮೇಲೆ ಟ್ಯಾಂಕು ಬರುತ್ತದೆಂದು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಕಂಬಿ ಕಟ್ಟುವ ಮೊದಲೇ ತಿಳಿದಿರಬೇಕು.

ಪ್ಲಾಸ್ಟಿಕ್ ಟ್ಯಾಂಕಿನ ತಳ ಪೂರ್ತಿಯಾಗಿ ಸಮತಟ್ಟಾದ ಕಟ್ಟೆಯ ಮೇಲೆ ಕೂರಬೇಕು. ನಾಲ್ಕು ಇಟ್ಟಿಗೆ ಗುಡ್ಡೆಗಳ ಮೇಲಿಟ್ಟರೆ ನಡುವಿನ ತಳ ಜೋಲಿ, ಕೆಲವು ವರ್ಷಗಳಲ್ಲಿ ಅಲ್ಲೇ ಬಿರುಕು ಬಿಡುತ್ತದೆ. ಕಬ್ಬಿಣದ ಆಂಗಲ್ ಸ್ಟ್ಯಾಂಡ್ ಮಾಡಿಸುವುದಾದರೆ ಮೇಲೆ ಗಟ್ಟಿ ತಗಡೋ ಹಲಗೆಯೋ ಬೇಕು, ತುಕ್ಕಿನ ಮೇಲೆ ಕಣ್ಣಿಡಬೇಕು. ಖಾಲಿ ಟ್ಯಾಂಕು ಹಗುರ. ಆಷಾಢದ ಗಾಳಿಗೆ ಎತ್ತರದ ಸ್ಟ್ಯಾಂಡಿನಿಂದ ಉರುಳದಂತೆ ಅದನ್ನು ಕಟ್ಟಿ ನಿಲ್ಲಿಸಬೇಕು. ತೊಳೆಯುವವರು ಹತ್ತಲು ಭದ್ರವಾದ ಏಣಿಯೂ ಇರಬೇಕು, ಇಲ್ಲದಿದ್ದರೆ ಹೆಡ್‌ರೂಮ್ ಮೇಲಿನ ಟ್ಯಾಂಕನ್ನು ಯಾರೂ ತೊಳೆಯುವುದಿಲ್ಲ.

ಟ್ಯಾಂಕು ಎಷ್ಟು ದೊಡ್ಡದಿರಬೇಕು ಎಂಬುದು ಸುಲಭದ ಪ್ರಶ್ನೆ. ಮನೆಬಳಕೆಗೆ ನಮ್ಮ ಮಾನಕಗಳು ಹಿಡಿಯುವ ಪ್ರಮಾಣ ತಲೆಗೆ ದಿನಕ್ಕೆ 135 ಲೀಟರ್. ಆರು ಜನಕ್ಕೆ 810, ಅಂದರೆ ಸಾವಿರ ಲೀಟರಿನ ಟ್ಯಾಂಕು ಒಂದು ದಿನಕ್ಕೆ ಸಾಕು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲೂ ದೊಡ್ಡದು ಮಾಡಬೇಕಾದ್ದು ನೆಲದಡಿಯ ಸಂಪನ್ನು. ನೆತ್ತಿಯ ಮೇಲೆ ಹೆಚ್ಚುವರಿ ಟನ್ನು ಹೊರುವುದರಿಂದ ಒತ್ತಡವೂ ಹೆಚ್ಚುವುದಿಲ್ಲ. ಬೋರ್ ನೀರನ್ನು ಫ್ಲಷ್‌ಗೆ ಬೇರೆಯಾಗಿ ಕೊಡುವುದಾದರೆ ಐನೂರರ ಎರಡು ಟ್ಯಾಂಕು ಒಳ್ಳೆಯದು. ಫ್ಲಷ್‌ಗೆ ಒತ್ತಡ ಬೇಕಿಲ್ಲವಾದ್ದರಿಂದ ಆ ಟ್ಯಾಂಕು ತಾರಸಿಯ ಮೇಲೇ ಇರಬಹುದು, ಹೆಡ್‌ರೂಮಿನ ಎತ್ತರ ಸ್ನಾನದ ನೀರಿಗೆ ಮೀಸಲಾಗಲಿ.

ಕೆಳಗಿನ ನಲ್ಲಿ ಮೇಲಿನ ಷವರನ್ನು ಕಸಿಯುವುದು

ಟ್ಯಾಂಕಿನಿಂದ ಒಂದೇ ಪೈಪು ಇಳಿದು ಮೊದಲು ಮಹಡಿಗೆ ಟೀ ಕೊಟ್ಟು, ಅದೇ ಮುಂದುವರಿದು ಕೆಳಗಿನ ಮನೆಗೆ ಹೋಗುವುದು ಅಗ್ಗದ ವ್ಯವಸ್ಥೆ. ಮೇಲೆ ಷವರ್ ಓಡುತ್ತಿರುವಾಗ ಕೆಳಗೆ ಯಾರಾದರೂ ನಲ್ಲಿ ತಿರುಗಿಸಿದರೆ ಷವರ್ ನಿಂತೇಹೋಗುವುದು ಇಂಥ ಮನೆಗಳಲ್ಲಿ. ಕೆಳಗಿನ ನಲ್ಲಿಗೆ ಮೂರು ಮೀಟರ್ ಹೆಚ್ಚು ಒತ್ತಡವಿದೆ, ಅದು ಜೋರಾಗಿ ನೀರೆಳೆಯುತ್ತದೆ. ಆ ಹರಿವಿಗೆ ಮೇಲಿನ ಪೈಪಿನಲ್ಲಿ ನಷ್ಟ ಏರಿ, ಮಹಡಿಯ ಟೀ ಇರುವ ಜಾಗದಲ್ಲಿ ಒತ್ತಡವೇ ಉಳಿಯುವುದಿಲ್ಲ. ಕೆಲವೊಮ್ಮೆ ತೆರೆದ ಷವರ್‌ನಿಂದ ಪೈಪಿನೊಳಕ್ಕೆ ಗಾಳಿ ಎಳೆಯುವ ಸದ್ದೂ ಕೇಳಿಸುತ್ತದೆ.

ಪರಿಹಾರ ಸರಳ: ಮಹಡಿಗೊಂದು, ಕೆಳಗಿನ ಮನೆಗೊಂದು ಬೇರೆಬೇರೆ ಇಳಿಪೈಪು, ಎರಡಕ್ಕೂ ಟ್ಯಾಂಕಿನ ಬಳಿ ಒಂದೊಂದು ವಾಲ್ವು. ಎರಡೂ ಒಂದೇ ಬಾಯಿಯಿಂದ ಹೊರಡುವುದಾದರೆ ಆ ಮೊದಲ ತುಂಡು ಒಂದೂವರೆ ಇಂಚಿನದಾಗಿರಲಿ. ಮಹಡಿಯ ಪೈಪು ಒಂದೂಕಾಲು ಇಂಚು, ಕೆಳಗಿನದು ಒಂದು ಇಂಚು ಸಾಕು. ಹತ್ತಿರದ ಮಹಡಿಗೆ ದಪ್ಪ, ದೂರದ ನೆಲ ಅಂತಸ್ತಿಗೆ ಸಣ್ಣ ಎಂಬುದು ಹಲವು ಪ್ಲಂಬರ್‌ಗಳಿಗೆ ತಲೆಕೆಳಗಾಗಿ ಕಾಣಿಸುತ್ತದೆ, ಆದರೆ ಒತ್ತಡದ ಬಡವ ಯಾರೆಂದು ನೋಡಿದರೆ ಅದೇ ಸರಿ. ಕಟ್ಟಿಯಾದ ಮನೆಯಲ್ಲಿ ಹೊಸ ಪೈಪು ಇಳಿಸಲಾಗದಿದ್ದರೆ ಕೆಳಗಿನ ಮನೆಯ ವಾಲ್ವನ್ನು ಅರ್ಧ ಮುಚ್ಚಿ ಸಮತೋಲ ತರಬಹುದು.

ಇದೇ ಪೈಪುಗಳಲ್ಲಿ ಕಾಡುವ ಇನ್ನೊಂದು ತೊಂದರೆ ಏರ್‌ಲಾಕ್. ಟ್ಯಾಂಕು ಒಮ್ಮೆ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದಾಗ ಪೈಪಿನೊಳಗೆ ಸೇರಿದ ಗಾಳಿ ಹೊರಹೋಗಲು ದಾರಿ ಬೇಕು. ತಾರಸಿಯ ಮೇಲೆ ಪೈಪು ಎಲ್ಲಾದರೂ ಮೇಲೇರಿ ಮತ್ತೆ ಇಳಿದಿದ್ದರೆ, ಉದಾಹರಣೆಗೆ ಪ್ಯಾರಾಪೆಟ್ ಅನ್ನು ಹತ್ತಿ ಹಾರಿದ್ದರೆ, ಆ ಗೂನಿನಲ್ಲಿ ಗಾಳಿ ಕೂರುತ್ತದೆ. ಒತ್ತಡ ಕಡಿಮೆ ಇರುವ ಮಹಡಿಯ ಪೈಪಿಗೆ ಅದನ್ನು ದೂಡುವ ಶಕ್ತಿ ಇರುವುದಿಲ್ಲ. ಪೈಪು ಟ್ಯಾಂಕಿನಿಂದ ಹೊರಟ ಮೇಲೆ ಒಂದೇ ಸಮನೆ ಇಳಿಜಾರಾಗಿಯೇ ಹೋಗಬೇಕು, ಇಳಿಪೈಪಿನ ತಲೆಯಿಂದ ಒಂದು ತೆರೆದ ಗಾಳಿಪೈಪು ಟ್ಯಾಂಕಿನ ತುಂಬಿದ ಮಟ್ಟಕ್ಕಿಂತ ಮೇಲೆ ನಿಂತಿರಬೇಕು.

ಬಿಸಿನೀರು ತರುವ ಹೊಸ ಷರತ್ತು

ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಬಂದೊಡನೆ ಟ್ಯಾಂಕಿನ ಎತ್ತರ ಐಚ್ಛಿಕ ವಿಷಯವಾಗಿ ಉಳಿಯುವುದಿಲ್ಲ. ಗಾಜಿನ ಕೊಳವೆಗಳ ಸಾಮಾನ್ಯ ಸೋಲಾರ್‌ಗೆ ತಣ್ಣೀರು ತಾನಾಗಿ ಹರಿದು ತುಂಬಬೇಕು. ಅದರ ಬಿಸಿನೀರಿನ ಉರುಳೆ ತಾರಸಿಯಿಂದ ಹೆಚ್ಚುಕಡಿಮೆ ಆಳೆತ್ತರದಲ್ಲಿರುತ್ತದೆ. ತಣ್ಣೀರಿನ ಟ್ಯಾಂಕಿನ ತಳ ಆ ಉರುಳೆಯ ನೆತ್ತಿಗಿಂತ ಮೇಲಿರಬೇಕು. ಒಂದಡಿ ಕಟ್ಟೆಯ ಟ್ಯಾಂಕು ಇಲ್ಲಿ ಸೋಲುತ್ತದೆ, ಹೆಡ್‌ರೂಮ್ ಮೇಲಿನದು ಗೆಲ್ಲುತ್ತದೆ. ಸೋಲಾರ್‌ನ ಗಾಳಿಪೈಪು ತಣ್ಣೀರಿನ ಟ್ಯಾಂಕಿನ ತುಂಬಿದ ಮಟ್ಟಕ್ಕಿಂತ ಎತ್ತರದಲ್ಲಿ ತೆರೆದಿರಬೇಕು, ಇಲ್ಲದಿದ್ದರೆ ಅದರಿಂದ ನೀರು ಸದಾ ಸುರಿಯುತ್ತದೆ. ಇಂಥ ಸೋಲಾರ್ ತಾಳುವ ಎತ್ತರಕ್ಕೆ ತಯಾರಕರು ಹಾಕಿರುವ ಮಿತಿಯನ್ನೂ ಕೊಳ್ಳುವ ಮೊದಲೇ ಕೇಳಬೇಕು.

ಬಿಸಿನೀರಿನ ಪೈಪಿನಲ್ಲಿ ದಪ್ಪವಿದ್ದಷ್ಟೂ ಒಳ್ಳೆಯದೆಂಬ ಮಾತು ನಡೆಯುವುದಿಲ್ಲ. ಪೈಪಿನೊಳಗೆ ನಿಂತು ತಣ್ಣಗಾದ ನೀರು ಖಾಲಿಯಾದ ಮೇಲೆಯೇ ಬಿಸಿನೀರು ಬರುವುದು. 15 ಮೀಟರ್ ಉದ್ದದ ಒಂದು ಇಂಚಿನ ಪೈಪಿನಲ್ಲಿ ಆರೂವರೆ ಲೀಟರ್ ನಿಂತಿರುತ್ತದೆ, ಮುಕ್ಕಾಲು ಇಂಚಿನದರಲ್ಲಿ ನಾಲ್ಕು ಲೀಟರಿಗಿಂತ ತುಸು ಕಡಿಮೆ. ಪ್ರತಿ ಸ್ನಾನಕ್ಕೂ ಇಷ್ಟು ನೀರು ಮೋರಿ ಸೇರುತ್ತದೆ. ಮುಕ್ಕಾಲು ಇಂಚಿನ ಪೈಪು ಷವರ್‌ನ 8 ಲೀಟರಿಗೆ, ಬೆಂಡುಗಳೂ ಸೇರಿ, 45 ಸೆಂಟಿಮೀಟರಿನಷ್ಟು ಕಳೆಯುತ್ತದೆ. 3.7 ಮೀಟರ್ ಕೈಯಲ್ಲಿದ್ದವರಿಗೆ ಅದು ಹೊರೆಯಲ್ಲ, 1.3 ಇದ್ದವರಿಗೆ ಮೂರನೇ ಒಂದು ಪಾಲು.

ಪ್ರೆಷರ್ ಪಂಪು ಯಾವಾಗ

ಇಷ್ಟೆಲ್ಲ ಮಾಡಿದರೂ ಸಿಗುವುದು ಕಾಲು ಬಾರಿನ ಆಸುಪಾಸು. ದೊಡ್ಡ ತೂತುಗಳ ಸಾದಾ ಷವರ್‌ಗೆ ಅದು ಸಾಕು. ರೇನ್ ಷವರ್, ಗೋಡೆಯೊಳಗಿನ ಥರ್ಮೋಸ್ಟಾಟಿಕ್ ಮಿಕ್ಸರ್‌ಗಳಲ್ಲಿ ಅನೇಕವು ಅರ್ಧದಿಂದ ಒಂದು ಬಾರ್ ಕೇಳುತ್ತವೆ. ಒಂದು ಬಾರ್ ಎಂದರೆ ಷವರ್‌ನಿಂದ ಹತ್ತು ಮೀಟರ್ ಮೇಲೆ ನೀರಿರಬೇಕು. ಮನೆಯ ತಾರಸಿಯ ಮೇಲೆ ಅಷ್ಟೆತ್ತರದ ಗೋಪುರ ಯಾರೂ ಕಟ್ಟುವುದಿಲ್ಲ. ಅಲ್ಲಿಗೆ ಎತ್ತರದ ದಾರಿ ಮುಗಿದು ಪ್ರೆಷರ್ ಪಂಪಿನ ದಾರಿ ಶುರುವಾಗುತ್ತದೆ. ಆದ್ದರಿಂದ ಷವರ್ ಕೊಳ್ಳುವಾಗ ಡಬ್ಬದ ಮೇಲೆ ಬರೆದ ಕನಿಷ್ಠ ಒತ್ತಡವನ್ನು ಮೊದಲು ಓದಬೇಕು.

ಪಂಪು ಹಾಕುವುದಾದರೆ ಎರಡು ಎಚ್ಚರಗಳು. ಒಂದು, ಪಂಪಿಗೆ ಬದಿಯಿಂದ ಬೈಪಾಸ್ ಪೈಪೂ ಅದರಲ್ಲಿ ಎನ್‌ಆರ್‌ವಿಯೂ ಇರಲಿ, ಕರೆಂಟು ಹೋದಾಗ ನೀರು ತನ್ನ ಎತ್ತರದ ಬಲದಿಂದಲಾದರೂ ಇಳಿಯುತ್ತದೆ. ಎರಡನೆಯದು ಹೆಚ್ಚು ಗಂಭೀರ. ತಣ್ಣೀರಿನ ಪೈಪಿಗೆ ಮಾತ್ರ ಪಂಪು ಹಾಕಿ ಬಿಸಿನೀರನ್ನು ಸೋಲಾರ್‌ನಿಂದ ಹಾಗೆಯೇ ಇಳಿಸಿದರೆ, ಮಿಕ್ಸರ್‌ನಲ್ಲಿ ಬಲವಾದ ತಣ್ಣೀರು ಬಿಸಿನೀರಿನ ಪೈಪಿನೊಳಕ್ಕೆ ನುಗ್ಗಿ ಹಿಮ್ಮುಖವಾಗಿ ಸೋಲಾರ್‌ವರೆಗೆ ಹೋಗುತ್ತದೆ. ಬಿಸಿನೀರು ಬಾರದೆ ಇರುವುದು ಮೊದಲ ಲಕ್ಷಣ, ಸೋಲಾರ್‌ನ ಗಾಳಿಪೈಪಿನಿಂದ ನೀರು ಉಕ್ಕುವುದು ಎರಡನೆಯದು. ಸಾಮಾನ್ಯ ಸೋಲಾರ್‌ನ ಉರುಳೆ ಪಂಪಿನ ಒತ್ತಡ ತಾಳುವಂಥದ್ದೂ ಅಲ್ಲ. ಬಿಸಿ, ತಣ್ಣೀರು ಎರಡಕ್ಕೂ ಒಂದೇ ಒತ್ತಡ ಬರುವಂತೆ ಎರಡು ಪಂಪು ಹಾಕಬೇಕು, ಇಲ್ಲವೇ ಒತ್ತಡ ತಾಳುವ ಸೋಲಾರನ್ನೇ ಕೊಳ್ಳಬೇಕು.

ಸಂಪಿನಿಂದ ಟ್ಯಾಂಕಿಗೆ ಏರಿಸುವ ಮೋಟಾರಿನಲ್ಲಿ ಜನ ಉಲ್ಟಾ ತಪ್ಪು ಮಾಡುತ್ತಾರೆ. ಎರಡು ಮೀಟರ್ ಆಳದ ಸಂಪಿನಿಂದ ಹೆಡ್‌ರೂಮ್ ಮೇಲಿನ ಟ್ಯಾಂಕಿನ ಬಾಯಿಗೆ ಸುಮಾರು 12 ಮೀಟರ್. ನಿಮಿಷಕ್ಕೆ 40 ಲೀಟರ್ ಏರಿಸಿದರೆ ಒಂದು ಇಂಚಿನ, 25 ಮೀಟರ್ ಪೈಪಿನಲ್ಲಿ ಮೂರು ಮೀಟರ್ ನಷ್ಟ. 15 ಮೀಟರ್ ಎತ್ತರಕ್ಕೆ ಆ ಹರಿವು ಕೊಡುವ ಅರ್ಧ ಎಚ್‌ಪಿ ಮೋಟಾರು ಸಾವಿರ ಲೀಟರಿನ ಟ್ಯಾಂಕನ್ನು 25 ನಿಮಿಷದಲ್ಲಿ ತುಂಬಿಸುತ್ತದೆ. ಇದಕ್ಕೆ ಒಂದು ಎಚ್‌ಪಿ ಬೇಕಿಲ್ಲ. ಓವರ್‌ಫ್ಲೋ ಪೈಪು ಮಾತ್ರ ಏರುಪೈಪಿಗಿಂತ ದಪ್ಪ, ಒಂದೂವರೆ ಇಂಚಾದರೂ ಇರಲಿ. ಮೋಟಾರು ದೂಡಿ ತುಂಬುವ ನೀರು ಅಲ್ಲಿಂದ ತನ್ನ ಭಾರದಿಂದಲೇ ಹೊರಬೀಳಬೇಕು.

ಕಟ್ಟಿದ ಮನೆಯಲ್ಲಿ ರೋಗ ಪತ್ತೆ

ಈಗಾಗಲೇ ಇರುವ ಮನೆಯಲ್ಲಿ ಗೋಡೆ ಒಡೆಯುವ ಮೊದಲು ಹತ್ತು ಲೀಟರಿನ ಬಕೆಟ್ಟು ಮತ್ತು ಗಡಿಯಾರ ಹಿಡಿದು ನೋಡಬೇಕು. ಬೇರೆಲ್ಲ ಮುಚ್ಚಿ ಷವರ್ ಒಂದನ್ನೇ ತೆರೆದಾಗ ಬಕೆಟ್ಟು ಒಂದೂಕಾಲು ನಿಮಿಷದೊಳಗೆ ತುಂಬಿದರೆ ಹರಿವು 8 ಲೀಟರ್, ತೊಂದರೆಯಿಲ್ಲ. ಒಂದೇ ತೆರೆದಾಗ ಚೆನ್ನಾಗಿದ್ದು, ಪಕ್ಕದ ಬಚ್ಚಲಲ್ಲಿ ನಲ್ಲಿ ತೆರೆದೊಡನೆ ಕುಸಿದರೆ ಮುಖ್ಯ ಪೈಪು ಸಣ್ಣದು. ಕೆಳಗಿನ ಮನೆಯ ನಲ್ಲಿಗೆ ಮಾತ್ರ ಕುಸಿದರೆ ಇಳಿಪೈಪು ಒಂದೇ ಇದೆ. ಒಂದನ್ನೇ ತೆರೆದಾಗಲೂ ನೀರು ಸಣ್ಣಗಿದ್ದರೆ ಷವರ್‌ನ ಮುಖ ಬಿಚ್ಚಿ ಮತ್ತೆ ಅಳೆಯಬೇಕು. ಆಗ ಜೋರಾದರೆ ಬೋರ್ ನೀರಿನ ಸುಣ್ಣ ತೂತುಗಳನ್ನು ಮುಚ್ಚಿದೆ. ಆಗಲೂ ಬದಲಾಗದಿದ್ದರೆ ಆಂಗಲ್ ಕಾಕ್, ಡೈವರ್ಟರ್, ಜೋಡಣೆಯಲ್ಲಿ ಹೆಚ್ಚಾಗಿ ಬಳಿದು ಒಳಗೆ ಗಟ್ಟಿಯಾದ ಸಾಲ್ವೆಂಟ್, ಇವುಗಳಲ್ಲಿ ಹುಡುಕಬೇಕು. ಟ್ಯಾಂಕು ಖಾಲಿಯಾದ ದಿನದಿಂದ ಶುರುವಾದ ಉಗುಳು ನೀರು ಏರ್‌ಲಾಕ್. ಟ್ಯಾಂಕು ತುಂಬಿದಾಗ ಚೆನ್ನಾಗಿದ್ದು ಖಾಲಿಯಾಗುತ್ತಾ ಸಣ್ಣಗಾಗುವುದಾದರೆ ಪೈಪನ್ನು ದೂರಬೇಡಿ, ಎತ್ತರವೇ ಸಾಲದು.

ಹೊಸ ಮನೆಗೆ ಇವೆಲ್ಲ ಮೂರು ನಿರ್ಧಾರಗಳಾಗಿ ಇಳಿಯುತ್ತವೆ, ಅವುಗಳಿಗೆ ಅನುಕ್ರಮವೂ ಇದೆ. ಟ್ಯಾಂಕು ಹೆಡ್‌ರೂಮ್ ಮೇಲೆ ಎಂಬ ತೀರ್ಮಾನ ಕಾಲಂ, ಬೀಮುಗಳ ನಕ್ಷೆಯ ಹೊತ್ತಿಗೆ ಆಗಬೇಕು. ಮಹಡಿಗೆ ಒಂದೂಕಾಲು ಇಂಚಿನ ಪ್ರತ್ಯೇಕ ಇಳಿಪೈಪು ಎಂಬುದು ಮಹಡಿಯ ಸ್ಲ್ಯಾಬು ಹಾಕುವ ಮೊದಲು, ಪೈಪು ಇಳಿಯಲು ಡಕ್ಟ್ ಬಿಡುವ ಹೊತ್ತಿಗೆ. ಷವರ್ ಯಾವುದು, ಅದಕ್ಕೆ ಎಷ್ಟು ಒತ್ತಡ ಬೇಕು ಎಂಬುದು ಬಚ್ಚಲಿನ ಗೋಡೆಗೆ ಟೈಲ್ಸ್ ಹಾಕುವ ಮೊದಲು. ಕೊನೆಯದು ತಪ್ಪಿದರೆ ಷವರ್ ಬದಲಿಸಬಹುದು, ನಡುವಿನದು ತಪ್ಪಿದರೆ ಹೊರಗೋಡೆಯ ಮೇಲೆ ಪೈಪು ಇಳಿಸಬಹುದು. ಮೊದಲನೆಯದು ತಪ್ಪಿದರೆ ಪ್ರತಿ ಸ್ನಾನಕ್ಕೂ ಕರೆಂಟು ಬೇಕಾಗುತ್ತದೆ.